ಹಳೆಯ ಫೋನಿನ ಮೆದುಳಿಗೆ ಹಾಕಿದ ಬೀಗ

ಬಳಕೆಯಿಂದ ನಿವೃತ್ತವಾದ ಸ್ಮಾರ್ಟ್‌ಫೋನನ್ನು ನಾವು ಕಸವೆಂದು ಕರೆಯುತ್ತೇವೆ. ಅದರ ಕ್ಯಾಮೆರಾ ಇನ್ನೂ ನೋಡುತ್ತದೆ, ಪ್ರೊಸೆಸರ್ ಇನ್ನೂ ಲೆಕ್ಕ ಮಾಡುತ್ತದೆ, ಓಲುವಿಕೆಯನ್ನು ಅಳೆಯುವ ಸಂವೇದಕ ಇನ್ನೂ ಚುರುಕಾಗಿದೆ. ಹಾಗಿದ್ದರೆ ಅದನ್ನು ಸತ್ತದ್ದೆಂದು ತೀರ್ಮಾನಿಸಿದವರು ಯಾರು?

ಈ ಪ್ರಶ್ನೆಗೆ 2020ರಲ್ಲಿ ಇಂಟೆಲ್ ಲ್ಯಾಬ್ಸ್‌ನ ಸಂಶೋಧಕರಾದ ಮಥಿಯಾಸ್ ಮುಲ್ಲರ್ ಮತ್ತು ವ್ಲಾಡ್ಲೆನ್ ಕೋಲ್ಟುನ್ ಪ್ರಾಯೋಗಿಕವಾದ ಉತ್ತರವೊಂದನ್ನು ಮುಂದಿಟ್ಟರು. ಅವರ ‘ಓಪನ್‌ಬಾಟ್’ ಸುಮಾರು 50 ಡಾಲರ್ ವೆಚ್ಚದ ನಾಲ್ಕು ಚಕ್ರದ ಗಾಡಿ. 3ಡಿ ಪ್ರಿಂಟರಿನಲ್ಲಿ ಅಚ್ಚಾದ ದೇಹ, ಆಟಿಕೆಗಳಲ್ಲಿರುವಂಥ ಸಣ್ಣ ಮೋಟರ್‌ಗಳು, ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ನಿಯಂತ್ರಕ, ಇವು ಅದರ ಮುಖ್ಯ ಸಾಮಗ್ರಿ. ಕಣ್ಣು ಮತ್ತು ಮೆದುಳು ಎರಡೂ ಯುಎಸ್‌ಬಿ ತಂತಿಯಿಂದ ಜೋಡಿಸಿದ ಫೋನೇ. ವಿನ್ಯಾಸವನ್ನೂ ತಂತ್ರಾಂಶವನ್ನೂ ಅವರು ಎಲ್ಲರಿಗೂ ಮುಕ್ತವಾಗಿಟ್ಟರು.

ಮನುಷ್ಯನನ್ನು ಹಿಂಬಾಲಿಸುವ ಕೆಲಸವನ್ನೇ ನೋಡೋಣ. ಫೋನು ಪ್ರತಿ ಚಿತ್ರದಲ್ಲಿ ವ್ಯಕ್ತಿಯನ್ನು ಗುರುತಿಸಿ ಅವನ ಸುತ್ತ ಒಂದು ಚೌಕಟ್ಟನ್ನು ಕಲ್ಪಿಸಿಕೊಳ್ಳುತ್ತದೆ. ಚೌಕಟ್ಟಿನ ನಡು ಚಿತ್ರದ ನಡುವಿಗಿಂತ ಬಲಕ್ಕಿದ್ದರೆ ಎಡಗಡೆಯ ಚಕ್ರಗಳು ಹೆಚ್ಚು ವೇಗವಾಗಿ ತಿರುಗಬೇಕು. ಆಗ ಫೋನು ಆರ್ಡುಯಿನೊಗೆ ಕಳುಹಿಸುವುದು ಇಂಥದೊಂದು ಸಾಲು ಮಾತ್ರ:

```
c180,90
```

ಮೊದಲ ಸಂಖ್ಯೆ ಎಡಕ್ಕೆ, ಎರಡನೆಯದು ಬಲಕ್ಕೆ. 255 ಎಂದರೆ ಪೂರ್ಣ ಬಲ, ಋಣ ಸಂಖ್ಯೆ ಎಂದರೆ ಹಿಮ್ಮುಖ ಚಲನೆ.

ಫೋನು ಹಳೆಯದಾಗಿ ಒಂದು ಚಿತ್ರವನ್ನು ಪರಿಶೀಲಿಸಲು 100 ಮಿಲಿಸೆಕೆಂಡ್ ತೆಗೆದುಕೊಂಡಿತೆನ್ನೋಣ. ಸೆಕೆಂಡಿಗೆ ಅರ್ಧ ಮೀಟರ್ ಚಲಿಸುವ ಗಾಡಿ ಅಷ್ಟರಲ್ಲಿ ಸಾಗುವುದು 5 ಸೆಂಟಿಮೀಟರ್. ನಿಧಾನವಾಗಿ ನಡೆಯುವ ಮನುಷ್ಯನ ಹಿಂದೆ ಹೋಗಲು ಇದು ಧಾರಾಳವಾಗಿ ಸಾಕು. ಫೋನು ಇನ್ನೂ ನಿಧಾನವೆ? ಹೊಸ ಫೋನು ಕೊಳ್ಳುವ ಬದಲು ಚಕ್ರದ ವೇಗವನ್ನು ತಗ್ಗಿಸಬಹುದು. ಆದರೆ ಅದಕ್ಕೂ ಮಿತಿಯಿದೆ: ಆಜ್ಞೆ ತೀರ ಕಡಿಮೆಯಾದರೆ ಅಗ್ಗದ ಮೋಟರ್ ಗುಂಯ್‌ಗುಟ್ಟುತ್ತದೆ, ತಿರುಗುವುದಿಲ್ಲ.

ನಿಜವಾದ ಅಪಾಯವಿರುವುದು ನಿಧಾನದಲ್ಲಲ್ಲ, ಮೌನದಲ್ಲಿ. ಆಂಡ್ರಾಯ್ಡ್ ಕಾಲಕ್ಕೆ ಸರಿಯಾಗಿ ಉತ್ತರಿಸುವ ಭರವಸೆ ನೀಡುವ ವ್ಯವಸ್ಥೆಯಲ್ಲ. ನೆನಪಿನ ಜಾಗ ಸಾಲದೆ ಅದು ಆ್ಯಪನ್ನು ಮುಚ್ಚಬಹುದು. ಫೋನು ಬಿಸಿಯಾದರೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳಬಹುದು. ಆ ಕ್ಷಣದಲ್ಲಿ ಕೊನೆಯ ಆಜ್ಞೆ ‘ಮುಂದೆ ಹೋಗು’ ಎಂದಿದ್ದರೆ ಗಾಡಿ ಗೋಡೆಗೆ ಬಡಿಯುವವರೆಗೂ ಹೋಗುತ್ತದೆ. ಆದ್ದರಿಂದ ಓಪನ್‌ಬಾಟ್‌ನಲ್ಲಿ ಎದೆಬಡಿತದ ಸಂದೇಶವೊಂದಿದೆ. `h750` ಎಂದು ಕಳುಹಿಸಿದರೆ, 750 ಮಿಲಿಸೆಕೆಂಡಿನೊಳಗೆ ಮತ್ತೆ ಅಂಥ ಸಂದೇಶ ಬಾರದಿದ್ದಾಗ ಆರ್ಡುಯಿನೊ ಚಕ್ರಗಳನ್ನು ನಿಲ್ಲಿಸುತ್ತದೆ. ನಮ್ಮ ಗಾಡಿ ಅಷ್ಟರಲ್ಲಿ ಕುರುಡಾಗಿ ಸಾಗುವ ದೂರ ಸುಮಾರು 37 ಸೆಂಟಿಮೀಟರ್. ಪರೀಕ್ಷೆ ಸುಲಭ: ಚಕ್ರಗಳು ನೆಲಕ್ಕೆ ತಾಗದಂತೆ ಗಾಡಿಯನ್ನು ಎತ್ತಿಟ್ಟು, ಅವು ತಿರುಗುತ್ತಿರುವಾಗಲೇ ಆ್ಯಪನ್ನು ಬಲವಂತವಾಗಿ ಮುಚ್ಚಬೇಕು. ಚಕ್ರ ನಿಲ್ಲದಿದ್ದರೆ ಗಾಡಿಯನ್ನು ನೆಲಕ್ಕಿಳಿಸಬಾರದು. ಬೆನ್ನು ಉಬ್ಬಿದ ಬ್ಯಾಟರಿಯ ಫೋನನ್ನಂತೂ ಈ ಕೆಲಸಕ್ಕೆ ಮುಟ್ಟಲೇಬಾರದು.

ಹೀಗೆ ವೇಗ, ಬಿಸಿ, ಮೌನ ಮೂರನ್ನೂ ಸಾಧಾರಣ ಜಾಣ್ಮೆಯಿಂದ ನಿಭಾಯಿಸಬಹುದು. ನಿಭಾಯಿಸಲಾಗದ ಅಡ್ಡಿ ಬೇರೆಯೇ ಇದೆ, ಅದು ಬೀಗ. ಹಿಂದಿನ ಮಾಲೀಕ ತನ್ನ ಗೂಗಲ್ ಖಾತೆಯನ್ನು ತೆಗೆಯದೆ ಎಲ್ಲವನ್ನೂ ಅಳಿಸಿ ಕೊಟ್ಟ ಫೋನು ಆ ಖಾತೆಯನ್ನೇ ಕೇಳುತ್ತ ನಿಲ್ಲಬಹುದು. ಕಳ್ಳತನ ತಡೆಯುವ ಈ ಬೀಗಕ್ಕೊಂದು ನ್ಯಾಯವಿದೆ. ಕೊಡುವವರು ಮೊದಲು ಖಾತೆಯನ್ನು ತೆಗೆದರೆ ಸಮಸ್ಯೆ ಮುಗಿಯಿತು. ಆದರೆ ತಯಾರಕರ ಬೀಗಕ್ಕೆ ಅಂಥ ಸಮರ್ಥನೆ ದುರ್ಬಲ. ನವೀಕರಣ ನಿಂತ ಮೇಲೆ ಹೊಸ ಆ್ಯಪ್‌ಗಳು ಹಳೆಯ ಆಂಡ್ರಾಯ್ಡನ್ನು ಒಂದೊಂದಾಗಿ ಕೈಬಿಡುತ್ತವೆ. ಬೇರೊಂದು ವ್ಯವಸ್ಥೆಯನ್ನು ಹಾಕೋಣವೆಂದರೆ ಅನೇಕ ಫೋನುಗಳ ಬೂಟ್‌ಲೋಡರ್ ತೆರೆಯುವುದಿಲ್ಲ.

ಯುರೋಪಿನ ಒಕ್ಕೂಟ ಈ ದಿಕ್ಕಿನಲ್ಲಿ ಅರ್ಧ ಹೆಜ್ಜೆ ಇಟ್ಟಿದೆ. 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮದಂತೆ, ಒಂದು ಮಾದರಿಯ ಮಾರಾಟ ನಿಂತ ಬಳಿಕವೂ ಕನಿಷ್ಠ 5 ವರ್ಷ ಅದಕ್ಕೆ ನವೀಕರಣ ಸಿಗಬೇಕು. ಉಳಿದ ಅರ್ಧ ಹೆಜ್ಜೆಯೆಂದರೆ, ಆ ಅವಧಿ ಮುಗಿದ ದಿನ ಬೀಗದ ಕೈಯನ್ನು ಮಾಲೀಕನಿಗೆ ಒಪ್ಪಿಸುವುದು. ತಾನು ಇನ್ನು ಕಾಪಾಡಲಾರೆನೆಂದು ತಯಾರಕ ಕೈತೊಳೆದುಕೊಂಡ ವಸ್ತುವಿನ ಮೇಲೆ ಅವನ ಕಾವಲು ಮುಂದುವರಿಯಬೇಕಾದ ಕಾರಣವಿಲ್ಲ. ದುಡ್ಡು ಕೊಟ್ಟು ಕೊಂಡವನು ಅದಕ್ಕೆ ಚಕ್ರ ಕಟ್ಟಬಯಸಿದರೆ, ಅನುಮತಿ ಕೇಳುವ ಸ್ಥಿತಿ ಬರಬಾರದು.