ಅಂಗಡಿಯ ಸುತ್ತಲಿನ ಕಾಣದ ಬೇಲಿ

ಗ್ರಾಹಕನು ಅಂಗಡಿಯನ್ನು ಸಮೀಪಿಸಿದೊಡನೆ ಆತನ ಮೊಬೈಲಿಗೆ ರಿಯಾಯಿತಿಯ ಸೂಚನೆ ತಲುಪಿಸುವ 'ಜಿಯೋಫೆನ್ಸ್' ವ್ಯವಸ್ಥೆಗೆ ಹಣ ಹೂಡುವ ವರ್ತಕರು ಮೊದಲು ಬೇಲಿಯ ಅಳತೆಯನ್ನು ವಿಚಾರಿಸುವುದು ಲೇಸು. ಆಂಡ್ರಾಯ್ಡ್ ಫೋನುಗಳಿಗೆ ಗೂಗಲ್ ಸಂಸ್ಥೆ ಸೂಚಿಸುವ ಕನಿಷ್ಠ ತ್ರಿಜ್ಯ 100ರಿಂದ 150 ಮೀಟರ್. ನೂರು ಮೀಟರಿನ ವೃತ್ತವೆಂದರೆ ಸುಮಾರು ಏಳೂಮುಕ್ಕಾಲು ಎಕರೆ! ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಸಮೀಪ ಬಟ್ಟೆ ಅಂಗಡಿಯೊಂದಿದೆಯೆಂದು ಭಾವಿಸಿದರೆ, ಗೂಡು ಮಾರಲು ಬಂದ ರೈತ, ಹರಾಜಿಗೆ ನಿಂತ ರೀಲರ್, ಬಸ್ಸಿನಲ್ಲಿ ಚಿಂತಾಮಣಿಗೆ ಹೊರಟ ಪ್ರಯಾಣಿಕ, ಎಲ್ಲರೂ ಬೇಲಿಯೊಳಗೇ ಬೀಳುತ್ತಾರೆ.

ಬೇಲಿಯನ್ನು ಕುಗ್ಗಿಸಿದರೆ ಟವರ್ ಮತ್ತು ವೈಫೈ ನೀಡುವ ಅಂದಾಜು ಸಾಲದೆ ಸೂಚನೆ ತಪ್ಪಿಹೋಗುತ್ತದೆ. ಅದನ್ನು ಸರಿಪಡಿಸಲು ಆಪ್ ಸದಾ ಜಿಪಿಎಸ್ ನಡೆಸಿದರೆ ಬ್ಯಾಟರಿ ಬೇಗ ಬರಿದಾಗಿ, ಗ್ರಾಹಕನು ಆಪನ್ನೇ ಕಿತ್ತುಹಾಕುತ್ತಾನೆ. ಆದ್ದರಿಂದ ಬೇಲಿಯನ್ನು ದೊಡ್ಡದಾಗಿಯೇ ಇರಿಸಿ, ಒಳಗೆ ಐದು ನಿಮಿಷ ತಂಗಿದವರಿಗೆ ಮಾತ್ರ ಸೂಚನೆ ಹೋಗುವಂತೆ ಮಾಡುವುದು ಮೇಲು. ಬಸ್ಸಿನ ಪ್ರಯಾಣಿಕ ಅಷ್ಟರಲ್ಲಿ ದಾಟಿಹೋಗಿರುತ್ತಾನೆ. ಹರಾಜಿಗೆ ನಿಂತವರಿಗೆ ಮಾತ್ರ ಇದರಿಂದ ಬಿಡುಗಡೆಯಿಲ್ಲ.

ಯಾರು ಯಾವಾಗ ಬಂದರೆಂಬ ದಾಖಲೆ ಫೋನಿನಲ್ಲೇ ಉಳಿಯಲಿ, ಅಂಗಡಿಯ ಸರ್ವರಿಗೆ ಬರುವುದು ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೆ, ಒಪ್ಪಿಗೆ ನೀಡಿದಷ್ಟೇ ಸುಲಭವಾಗಿ ಅದನ್ನು ಹಿಂಪಡೆಯುವ ಅವಕಾಶ ಗ್ರಾಹಕನಿಗಿರಬೇಕು. ಆಪ್ ತಯಾರಕರೊಡನೆ ಮಾಡಿಕೊಳ್ಳುವ ಕರಾರಿನಲ್ಲಿಯೇ ಈ ಎರಡೂ ಷರತ್ತುಗಳನ್ನು ಬರೆಸಿಕೊಳ್ಳತಕ್ಕದ್ದು.