ತಿಳಿಸಬೇಕಾದವರು ಮೇಲಧಿಕಾರಿ

ಹಾವೇರಿಯಲ್ಲಿ ಮುಖ್ಯ ಕಚೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿಯಲ್ಲಿ ಶಾಖೆಗಳಿರುವ ಪತ್ತಿನ ಸಹಕಾರಿಯೊಂದು ತನ್ನ ನಡತೆ ನಿಯಮಗಳ ಕರಡನ್ನು ನನಗೆ ತೋರಿಸಿತ್ತು. ‘ನೌಕರರು ತಮ್ಮ ಪ್ರೇಮ ಸಂಬಂಧವನ್ನು ಆಡಳಿತಕ್ಕೆ ತಿಳಿಸತಕ್ಕದ್ದು’ ಎಂಬ ಒಂದೇ ಸಾಲು ಅದರಲ್ಲಿತ್ತು. ಸಮಾನ ಹುದ್ದೆಯವರ ಒಲವು ಸಂಸ್ಥೆಗೆ ಸೇರಿದ್ದಲ್ಲ. ಒಬ್ಬರ ರಜೆಗೂ ಬಡ್ತಿಗೂ ಇನ್ನೊಬ್ಬರು ಸಹಿ ಹಾಕುವಾಗಲಷ್ಟೇ ಪ್ರಶ್ನೆ ಏಳುತ್ತದೆ. ಅಂಥ ಸಂಬಂಧಕ್ಕಾಗಿ ಮ್ಯಾಕ್‌ಡೊನಾಲ್ಡ್ಸ್ ಕಂಪನಿ 2019ರಲ್ಲಿ ತನ್ನ ಮುಖ್ಯಾಧಿಕಾರಿಯನ್ನೇ ತೆಗೆದುಹಾಕಿತು. ನಿಷೇಧದಿಂದ ಗುಟ್ಟು ಹೆಚ್ಚುತ್ತದೆ ಎಂಬುದು ನನ್ನ ಅಭಿಪ್ರಾಯ.

ನಾನು ಬರೆದುಕೊಟ್ಟ ವಾಕ್ಯವಿದು: ‘ತನ್ನ ಅಧೀನ ನೌಕರರೊಂದಿಗೆ ಪ್ರೇಮ ಸಂಬಂಧವುಳ್ಳ ಮೇಲಧಿಕಾರಿಯು ಏಳು ದಿನಗಳೊಳಗೆ, ಹಾಗೂ ಆ ನೌಕರರ ಕುರಿತ ಯಾವುದೇ ಕಾಗದಕ್ಕೆ ಸಹಿ ಹಾಕುವ ಮುನ್ನ, ಮುಖ್ಯ ಕಚೇರಿಯ ಗೊತ್ತುಪಡಿಸಿದ ಅಧಿಕಾರಿಗೆ ಸಂಬಂಧವಿದೆ ಎಂಬಷ್ಟನ್ನೇ ಲಿಖಿತವಾಗಿ ತಿಳಿಸತಕ್ಕದ್ದು. ಅಧೀನ ನೌಕರರು ತಿಳಿಸದಿರುವುದು ತಪ್ಪೆನಿಸದು.’

ಬ್ಯಾಡಗಿ ಶಾಖೆಯಲ್ಲಿ ನಾಲ್ವರೇ ಇದ್ದಾರೆನ್ನಿ. ವ್ಯವಸ್ಥಾಪಕರು ತಮ್ಮ ಗುಮಾಸ್ತೆಯನ್ನು ಪ್ರೀತಿಸಿದರೆ ಅಲ್ಲಿ ಬೇರೊಬ್ಬ ಮೇಲಧಿಕಾರಿಯಿಲ್ಲ. ಆಕೆಯ ವಾರ್ಷಿಕ ವರದಿಯನ್ನು ರಾಣೆಬೆನ್ನೂರಿನ ವ್ಯವಸ್ಥಾಪಕರು ಬರೆಯಲಿ, ರಜೆ ಹಾವೇರಿಯಿಂದ ಮಂಜೂರಾಗಲಿ. ವರ್ಗಾವಣೆ ಅನಿವಾರ್ಯವಾದರೆ ಹೋಗಬೇಕಾದವರು ವ್ಯವಸ್ಥಾಪಕರು. ಸಾಮಾನ್ಯವಾಗಿ ಹೆಣ್ಣುಮಗಳನ್ನೇ ಕಳುಹಿಸಿಬಿಡುತ್ತಾರೆ.

ಇಬ್ಬರೂ ಬೇರೆ ಜಾತಿಯವರಾಗಿದ್ದರೆ ಆ ಪತ್ರದ ಸುದ್ದಿ ಸಂಜೆಯೊಳಗೆ ಮನೆ ಮುಟ್ಟಬಹುದು. ಅದರ ಪರಿಣಾಮ ಪ್ರಾಣಕ್ಕೇ ಎರವಾಗಬಹುದು. ಆದ್ದರಿಂದ ಪತ್ರ ಮುಚ್ಚಿದ ಲಕೋಟೆಯಲ್ಲಿರಲಿ, ಸೇವಾ ಕಡತಕ್ಕೆ ಸೇರದಿರಲಿ. ಆದೇಶದಲ್ಲಿ ‘ಆಡಳಿತಾತ್ಮಕ ಕಾರಣಗಳಿಂದ’ ಎಂದರೆ ಸಾಕು. ನಾವು ಬಹಳ ದುರುಪಯೋಗಪಡಿಸಿಕೊಂಡ ಆ ಪದಕ್ಕೂ ಒಮ್ಮೆ ಸದ್ಬಳಕೆಯಾಗುತ್ತದೆ.

ಪತ್ರ ಕೊಟ್ಟಮಾತ್ರಕ್ಕೆ ಆಕೆಯ ಸಮ್ಮತಿ ಸಿದ್ಧವಾದಂತಲ್ಲ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಡಿ ದೂರುವ ಹಕ್ಕು ಉಳಿದೇ ಇರುತ್ತದೆ. ಸಂಬಂಧ ಮುರಿದರೂ ಆಕೆಯ ವರದಿ ಹಳೆಯ ಕೈಗೆ ಮರಳಬಾರದು.