ತಡವಾಗಿ ಬಂದ ಮಾತು

ಅಂತರ್ಜಾಲದಲ್ಲಿ ದತ್ತಾಂಶವು ಪ್ಯಾಕೆಟ್ ಎಂಬ ಸಣ್ಣ ಕಟ್ಟುಗಳಾಗಿ ಸಾಗುತ್ತದೆ. ದಾರಿಯಲ್ಲಿ ದಟ್ಟಣೆ ಹೆಚ್ಚಿದಾಗ ಅವುಗಳಲ್ಲಿ ಕೆಲವು ಕಳೆದುಹೋಗುವುದು ಅಲ್ಲಿನ ನಿತ್ಯದ ಸಂಗತಿ. ಈ ನಷ್ಟವನ್ನು ತುಂಬಿಕೊಡುವ ಹೊಣೆಯನ್ನು ಟಿಸಿಪಿ ಎಂಬ ಸಾಗಣೆ ನಿಯಮವು ತಾನೇ ಹೊರುತ್ತದೆ: ಪ್ರತಿ ಬೈಟಿಗೂ ಕ್ರಮಸಂಖ್ಯೆ ಕೊಟ್ಟು, ತಲುಪಿದ್ದಕ್ಕೆ ಸ್ವೀಕೃತಿ ಪಡೆದು, ತಲುಪದ್ದನ್ನು ಮತ್ತೆ ಕಳುಹಿಸಿ, ಎಲ್ಲವನ್ನೂ ಕಳುಹಿಸಿದ ಅನುಕ್ರಮದಲ್ಲಿಯೇ ಒಪ್ಪಿಸುತ್ತದೆ. 1980ರಲ್ಲಿ ರೂಪುಗೊಂಡ ಯುಡಿಪಿಗೆ ಇಂಥ ಯಾವ ವಾಗ್ದಾನವೂ ಇಲ್ಲ. ಅದರ ತಲೆಬರಹವು ಕೇವಲ 8 ಬೈಟಿನದು. ಎಲ್ಲಿಂದ ಹೊರಟಿತು, ಯಾವ ಪೋರ್ಟಿಗೆ ಸೇರಬೇಕು, ಉದ್ದವೆಷ್ಟು, ಒಳಗಿನದು ಕೆಟ್ಟಿದೆಯೇ ಎಂಬುದನ್ನು ಪರೀಕ್ಷಿಸುವ ಮೊತ್ತ, ಇಷ್ಟೇ ಅದರಲ್ಲಿರುವುದು. ಆದರೂ ವಿಡಿಯೊ ಕರೆಗಳೂ ವೇಗದ ಆನ್‌ಲೈನ್ ಆಟಗಳೂ ಮೊದಲು ಆರಿಸಿಕೊಳ್ಳುವುದು ಯುಡಿಪಿಯನ್ನೇ.

ಇದರ ಕಾರಣ ತಿಳಿಯಲು ಬೆಂಗಳೂರಿನಿಂದ ನ್ಯೂಜೆರ್ಸಿಗೆ ಮಾಡಿದ ಒಂದು ಕರೆಯ ಲೆಕ್ಕವನ್ನು ಬಿಡಿಸಿ ನೋಡುವುದು ಒಳ್ಳೆಯದು. ಇಂಥ ಕರೆಗಳಲ್ಲಿ ಧ್ವನಿಯನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸುವುದರಿಂದ ಸೆಕೆಂಡಿಗೆ 50 ಪ್ಯಾಕೆಟ್‌ಗಳು ಹೊರಡುತ್ತವೆ. ಒಂದು ದಿಕ್ಕಿನ ಪಯಣಕ್ಕೆ 120 ಮಿಲಿಸೆಕೆಂಡ್ ಹಿಡಿಯುತ್ತದೆಂದೂ, ನೂರನೆಯ ಪ್ಯಾಕೆಟ್ ದಾರಿಯಲ್ಲಿ ಕಳೆಯಿತೆಂದೂ ಭಾವಿಸಬಹುದು. ಟಿಸಿಪಿಯ ರೂಢಿಯ ಕ್ರಮದಲ್ಲಿ, ಕಳೆದದ್ದರ ನಂತರದ ಮೂರು ಪ್ಯಾಕೆಟ್‌ಗಳು ಬಂದು, ನೂರನೆಯದು ಇನ್ನೂ ಬಂದಿಲ್ಲ ಎಂಬ ಸೂಚನೆ ಮೂರು ಬಾರಿ ಮರಳಿದ ಮೇಲೆಯೇ ಕಳುಹಿಸುವ ಯಂತ್ರವು ನಷ್ಟವನ್ನು ಒಪ್ಪಿಕೊಳ್ಳುತ್ತದೆ. ನೂರನೆಯದು ಹೊರಟ ಕ್ಷಣವನ್ನು ಸೊನ್ನೆ ಎಂದು ಹಿಡಿದರೆ, ಮೂರನೆಯ ಹಿಂಬಾಲಕ ತಲುಪುವುದು 180ನೆಯ ಮಿಲಿಸೆಕೆಂಡಿಗೆ, ಅದರ ಸೂಚನೆ ಬೆಂಗಳೂರಿಗೆ ಮರಳುವುದು 300ಕ್ಕೆ, ಮರುಕಳುಹಿಸಿದ ಪ್ರತಿ ನ್ಯೂಜೆರ್ಸಿ ಸೇರುವುದು 420ಕ್ಕೆ. 120ಕ್ಕೆ ಬರಬೇಕಾಗಿದ್ದುದು 300 ಮಿಲಿಸೆಕೆಂಡ್ ತಡವಾಯಿತು.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಅಷ್ಟರೊಳಗೆ 101ರಿಂದ 114ರವರೆಗಿನ ಪ್ಯಾಕೆಟ್‌ಗಳು ಕ್ಷೇಮವಾಗಿ ತಲುಪಿರುತ್ತವೆ. ಆದರೆ ಅನುಕ್ರಮ ತಪ್ಪಬಾರದೆಂಬ ನಿಯಮದಿಂದಾಗಿ ಟಿಸಿಪಿ ಅವುಗಳನ್ನು ಕರೆಯ ತಂತ್ರಾಂಶಕ್ಕೆ ಕೊಡದೆ ತಡೆದಿಟ್ಟಿರುತ್ತದೆ. ಒಂದು ಕಳೆದದ್ದಕ್ಕಾಗಿ ಹದಿನಾಲ್ಕು ಬಾಗಿಲಲ್ಲಿ ಕಾಯುತ್ತವೆ, ಕೇಳುವವರಿಗೆ ಮಾತು ನಿಂತು, ಆಮೇಲೆ ಒಟ್ಟಿಗೆ ನುಗ್ಗುತ್ತದೆ. ಒಂದು ದಿಕ್ಕಿನ ವಿಳಂಬವು 150 ಮಿಲಿಸೆಕೆಂಡಿನೊಳಗಿದ್ದರೆ ಸಂಭಾಷಣೆ ಸಹಜವಾಗಿರುತ್ತದೆಂಬುದು ದೂರಸಂಪರ್ಕ ಶಾಸ್ತ್ರದಲ್ಲಿ ಒಪ್ಪಿತವಾದ ಅಳತೆ. ಅದು ಬಹಳ ಮೀರಿದರೆ ಇಬ್ಬರೂ ಒಮ್ಮೆಲೇ ಮಾತಾಡತೊಡಗುತ್ತಾರೆ.

ಯುಡಿಪಿಯಲ್ಲಿ ನೂರನೆಯದು ಕಳೆದರೂ 101ನೆಯದು ಬಂದ ಕೂಡಲೆ ತಂತ್ರಾಂಶದ ಕೈಸೇರುತ್ತದೆ. ಉಳಿದ ನಷ್ಟ 20 ಮಿಲಿಸೆಕೆಂಡ್, ಎಂದರೆ ಒಂದು ಲಘುವಿನ ಉಚ್ಚಾರಕ್ಕೆ ಬೇಕಾದ ಮಾತ್ರೆಯ ಕಾಲದಲ್ಲಿ ಒಂದು ಸಣ್ಣ ಪಾಲು. ಹಿಂದಿನ ಧ್ವನಿಯ ಸ್ವರೂಪವನ್ನು ಮುಂದಕ್ಕೆ ಎಳೆದು ಆ ಬಿರುಕನ್ನು ಮುಚ್ಚಿದರೆ ಕಿವಿಗೆ ಬಹುಮಟ್ಟಿಗೆ ತಿಳಿಯುವುದೇ ಇಲ್ಲ. ಕರೆಗಳಲ್ಲಿ ಬಳಕೆಯಲ್ಲಿರುವ ಓಪಸ್ ಎಂಬ ಧ್ವನಿಸಂಕೇತ ಕ್ರಮದಲ್ಲಂತೂ ಪ್ರತಿ ಪ್ಯಾಕೆಟ್ಟಿನೊಳಗೆ ಹಿಂದಿನ ತುಣುಕಿನ ಒರಟು ಪ್ರತಿಯೊಂದನ್ನು ಸೇರಿಸಿ ಕಳುಹಿಸುವ ಏರ್ಪಾಡೂ ಉಂಟು.

ಆಟಗಳಲ್ಲಿ ಈ ತರ್ಕ ಇನ್ನೂ ಸ್ಪಷ್ಟ. ಓಡುತ್ತಿರುವ ಆಟಗಾರನ ಸ್ಥಾನವನ್ನು ಸೆಕೆಂಡಿಗೆ ಹಲವಾರು ಬಾರಿ ಕಳುಹಿಸುವಾಗ, ಪ್ರತಿಯೊಂದು ಹೊಸ ವರದಿಯೂ ಹಳೆಯದನ್ನು ನಿರರ್ಥಕಗೊಳಿಸುತ್ತದೆ. ಅವನು ಈಗಾಗಲೇ ಬಿಟ್ಟುಹೋದ ಜಾಗದ ಸುದ್ದಿಗಾಗಿ ಕಾಯುವುದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಆದರೆ ಗುಂಡು ತಾಗಿತು, ಬಾಗಿಲು ತೆರೆಯಿತು ಎಂಬಂಥ ಸಂಗತಿಗಳು ತಪ್ಪುವಂತಿಲ್ಲವಾದ್ದರಿಂದ, ಅವುಗಳಿಗೆ ಮಾತ್ರ ಆಟದ ತಂತ್ರಾಂಶವೇ ಯುಡಿಪಿಯ ಮೇಲೆ ತನ್ನದೇ ಸ್ವೀಕೃತಿ ಮತ್ತು ಮರುಕಳುಹಿಕೆಯ ವ್ಯವಸ್ಥೆಯನ್ನು ಕಟ್ಟಿಕೊಳ್ಳುತ್ತದೆ.

ಈ ಸ್ವಾತಂತ್ರ್ಯಕ್ಕೆ ಬೆಲೆಯೂ ಇದೆ. ದಟ್ಟಣೆ ಕಂಡಾಗ ವೇಗ ತಗ್ಗಿಸುವ ವಿವೇಕ ಟಿಸಿಪಿಗೆ ಹುಟ್ಟಿನಿಂದಲೇ ಇಲ್ಲದಿದ್ದರೂ 1980ರ ದಶಕದ ಕೊನೆಯಲ್ಲಿ ಸೇರಿತು. ಯುಡಿಪಿಗೆ ಅದು ಇಂದಿಗೂ ಇಲ್ಲ. ಆದುದರಿಂದ ಕರೆಯ ತಂತ್ರಾಂಶವೇ ನಷ್ಟವನ್ನೂ ವಿಳಂಬವನ್ನೂ ಅಳೆದು ಚಿತ್ರದ ಗುಣಮಟ್ಟವನ್ನು ಇಳಿಸಬೇಕಾಗುತ್ತದೆ. ಕೆಲವು ಕಚೇರಿಗಳ ಫೈರ್‌ವಾಲ್ ಯುಡಿಪಿಯನ್ನು ತಡೆಯುವುದರಿಂದ ಅಲ್ಲಿ ಕರೆಗಳು ಅನಿವಾರ್ಯವಾಗಿ ಟಿಸಿಪಿಯ ಮೊರೆಹೋಗುತ್ತವೆ. ಮಾತು ಅಲ್ಲಲ್ಲಿ ಕೊಂಚ ಒಡಕಾಗುವ ಬದಲು ಪೂರ್ತಿ ನಿಂತು ಬಳಿಕ ಒಮ್ಮೆಲೇ ನುಗ್ಗುತ್ತಿದ್ದರೆ ಮೊದಲು ಶಂಕಿಸಬೇಕಾದ ಕಾರಣಗಳಲ್ಲಿ ಇದೂ ಒಂದು. ಯಾವುದಕ್ಕಾಗಿ ಕಾಯಬೇಕು, ಯಾವುದನ್ನು ಕೈಬಿಡಬೇಕು ಎಂಬ ತೀರ್ಮಾನವನ್ನು ಟಿಸಿಪಿ ಸಾಗಣೆಯವನ ಕೈಗೆ ಕೊಟ್ಟರೆ, ಯುಡಿಪಿ ಅದನ್ನು ಸರಕಿನ ಒಡೆಯನಿಗೇ ಬಿಡುತ್ತದೆ.